ಅಜ್ಜಿಯ ಸೀರೆ ನೀಲಿ ಅಲ್ಲ

ನಮ್ಮ ಅಜ್ಜ ಮುಂಬೈಯ ಪರೇಲಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮದುವೆಯಾದ ಹೊಸದರಲ್ಲಿ ಅಜ್ಜಿಯ ಜೊತೆ ಸ್ಟುಡಿಯೋದಲ್ಲಿ ತೆಗೆಸಿದ ಒಂದೇ ಒಂದು ಫೋಟೋ ಉಳಿದಿದೆ. ಅದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಕಪ್ಪು ಬಿಳುಪು ಫೋಟೋಗೆ ತಾನೇ ಬಣ್ಣ ತುಂಬುವ DeOldify ಅನ್ನೋ ಎಐ ಟೂಲ್‌ಗೆ ಕೊಟ್ಟೆ. ಒಂದು ನಿಮಿಷದಲ್ಲಿ ಬಣ್ಣ ಬಂತು. ಗಾಢ ನೀಲಿ ಸೀರೆ, ಅದೇ ನೀಲಿಯ ಸೆರಗು, ಗೋಧಿ ಮೈಬಣ್ಣ. ನೋಡೋಕೆ ಎಷ್ಟು ಸಹಜ ಅಂದ್ರೆ ಪ್ರಿಂಟ್ ಹಾಕಿಸಿಕೊಂಡು ಡೊಂಬಿವಲಿಗೆ ಅತ್ತೆಯ ಹತ್ತಿರ ಹೋದೆ.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಇದು ನಮ್ಮವ್ವನ ಸೀರಿ ಅಲ್ಲಪಾ. ಇಳಕಲ್ ಸೀರಿ ಸೆರಗು ನೀಲಿ ಎಲ್ಲೈತಿ?"

ಅವರು ಹೇಳಿದ್ದು ಸರಿ. ಇಳಕಲ್ ಸೀರೆಯ ಮೈ ಯಾವ ಬಣ್ಣದ್ದೇ ಇರಲಿ, ತೋಪ ತೆನಿ ಸೆರಗು ಅಂದ್ರೆ ಕೆಂಪು, ಅದರ ಮೇಲೆ ಬಿಳಿ ವಿನ್ಯಾಸ. ಫೋಟೋದಲ್ಲಿ ಆ ಬಿಳಿ ವಿನ್ಯಾಸ ಚೆನ್ನಾಗಿಯೇ ಕಾಣುತ್ತದೆ. ಅದು ಏನು ಅಂತ ಮಾಡೆಲ್‌ಗೆ ಗೊತ್ತಿರಲಿಲ್ಲ, ಅಷ್ಟೇ.

ಮನೆಗೆ ಬಂದು ಅದೇ ಸ್ಕ್ಯಾನನ್ನು ಇನ್ನೆರಡು ಸಲ ಓಡಿಸಿದೆ. DeOldify ಯ ಇನ್ನೊಂದು ಮಾಡೆಲ್‌ನಲ್ಲಿ ಸೀರೆ ನೇರಳೆ ಆಯಿತು, DDColor ಅನ್ನೋ ಇನ್ನೊಂದು ಟೂಲ್‌ನಲ್ಲಿ ಕಂದು. ಮೂರೂ ನಂಬುವ ಹಾಗಿದ್ದವು. ಒಂದೇ ಬಟ್ಟೆಗೆ ಮೂರು ಬಣ್ಣ ಬಂದರೆ ಅಲ್ಲಿ ನಡೆದಿರುವುದು ಊಹೆ ಅಂತ ಅರ್ಥ ಅಲ್ವಾ? ಚರ್ಮ, ಹುಲ್ಲು, ಆಕಾಶ ಹೆಚ್ಚು ಕಮ್ಮಿ ಒಂದೇ ಥರ ಇರುತ್ತವೆ, ಅಲ್ಲಿ ಊಹೆ ಕೂಡುತ್ತದೆ. ಸೀರೆಗೆ ಹಾಗೆ ಒಂದು ಬಣ್ಣ ಅಂತ ಇಲ್ಲ.

ಆದರೆ ಕೆಂಪು ಯಾಕೆ ಒಂದು ಸಲವೂ ಬರಲಿಲ್ಲ ಅನ್ನೋದು ನನ್ನನ್ನು ಕಾಡಿತು. ಉತ್ತರ ಅಜ್ಜಿಯ ಹಣೆಯಲ್ಲೇ ಇತ್ತು. ಆಕೆಯ ಕುಂಕುಮ ಕೂದಲಿನಷ್ಟೇ ಕಪ್ಪಾಗಿದೆ, ತುಟಿಯೂ ಕಪ್ಪು. ಇದು ಆರ್ಥೋಕ್ರೊಮ್ಯಾಟಿಕ್ ಫಿಲ್ಮಿನ ಗುರುತು. ಆ ಫಿಲ್ಮಿಗೆ ನೀಲಿ, ಹಸಿರು ಬೆಳಕು ತಾಗುತ್ತದೆ, ಕೆಂಪು ತಾಗುವುದಿಲ್ಲ. ಹಾಗಾಗಿ ಕೆಂಪು ವಸ್ತು ಕಪ್ಪಾಗಿ, ನೀಲಿ ವಸ್ತು ತಿಳಿಯಾಗಿ ಬೀಳುತ್ತದೆ. ಈ ಮಾಡೆಲ್‌ಗಳು ಕಲಿತದ್ದೋ ಈಗಿನ ಬಣ್ಣದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು ಮಾಡಿ. ಅವುಗಳಲ್ಲಿ ಕೆಂಪು ಇಷ್ಟು ಕಪ್ಪಾಗಿರುವುದಿಲ್ಲ. ಹೀಗಾಗಿ ಇಷ್ಟು ಕಪ್ಪಿದ್ದರೆ ಅದು ನೀಲಿಯೋ ಕಂದೋ ಇರಬೇಕು ಅಂತ ಲೆಕ್ಕ ಹಾಕಿರಬಹುದು.

ಇದನ್ನು ಪರೀಕ್ಷೆ ಮಾಡೋಕೆ ಒಂದು ದಾರಿ ಸಿಕ್ಕಿತು. ಅಜ್ಜಿ ಹಳೇ ಸೀರೆಗಳಿಂದ ಹೊಲಿದ ಕೌದಿ ಅತ್ತೆಯ ಟ್ರಂಕಿನಲ್ಲಿತ್ತು. ಅದರಲ್ಲಿ ಫೋಟೋದಲ್ಲಿ ಉಟ್ಟಿದ್ದ ಮದುವೆ ಸೀರೆಯ ತುಂಡು ಯಾವುದು ಅಂತ ಅತ್ತೆಗೆ ನೆನಪಿತ್ತು. ಮೇಲೆ ಬಣ್ಣ ಮಾಸಿತ್ತು, ಆದರೆ ಹೊಲಿಗೆ ಬಿಚ್ಚಿದ ಒಂದು ಕಡೆ ಮಡಿಕೆಯ ಒಳಗೆ ದಾಳಿಂಬೆ ಕೆಂಪು ಹಾಗೇ ಉಳಿದಿತ್ತು. ಕಿಟಕಿ ಬೆಳಕಲ್ಲಿ ಅದರ ಫೋಟೋ ತೆಗೆದು, ImageMagick ನಲ್ಲಿ ಕೆಂಪು ಚಾನೆಲ್ ಬಿಟ್ಟು ಬರೀ ಹಸಿರು ಮತ್ತು ನೀಲಿಯಿಂದ ಕಪ್ಪು ಬಿಳುಪು ಮಾಡಿದೆ:

```
magick tundu.jpg -fx "(g+b)/2" tundu-ortho.png
```

ಆರ್ಥೋ ಫಿಲ್ಮಿನ ನಕಲು ಅಂದಾಜಿಗೆ ಇಷ್ಟು ಸಾಕು. ತುಂಡು ಹೆಚ್ಚುಕಡಿಮೆ ಕಪ್ಪೇ ಆಯಿತು, ಫೋಟೋದ ಸೀರೆಯ ಹಾಗೆಯೇ. ಇದರಿಂದ ಸೀರೆ ಕೆಂಪೇ ಅಂತ ಸಾಬೀತಾಗಲಿಲ್ಲ, ಕಡು ನೀಲಿಯೂ ಕಪ್ಪಾಗಿಯೇ ಬೀಳಬಹುದು. ಕೆಂಪಾಗಿರಲು ಅಡ್ಡಿ ಇಲ್ಲ ಅಂತ ಮಾತ್ರ ಗೊತ್ತಾಯಿತು. ತೀರ್ಮಾನ ಕೊಟ್ಟಿದ್ದು ಆ ತುಂಡು ಮತ್ತು ಅತ್ತೆಯ ನೆನಪು.

ಆಮೇಲೆ ಫೋಟೋ ತಿದ್ದುವ ಗಿಂಪ್‌ನಲ್ಲಿ ಸೀರೆಯನ್ನಷ್ಟೇ ಬೇರೆ ಮಾಡೋಕೆ ಮಾಸ್ಕ್ ಮಾಡಿ ಕೆಂಪು ಹಾಕಿದರೆ, ಬಂದದ್ದು ಕಪ್ಪಿಗೆ ಹತ್ತಿರದ ಕಂದು! ಇಲ್ಲಿ ನನಗೆ ಒಂದು ದಿನ ಹೋಯಿತು. ಈ ಟೂಲ್‌ಗಳು ಫೋಟೋದ ಬೆಳಕು ನೆರಳನ್ನು ಹಾಗೇ ಇಟ್ಟುಕೊಂಡು ಅದರ ಮೇಲೆ ಬಣ್ಣ ಮಾತ್ರ ಸೇರಿಸುತ್ತವೆ, ನಾನೂ ಅದನ್ನೇ ಮಾಡಿದ್ದೆ. ಆದರೆ ಫಿಲ್ಮು ಬೆಳಕನ್ನೇ ತಪ್ಪಾಗಿ ಹಿಡಿದಿರುವಾಗ ಬಣ್ಣ ಸರಿಯಿದ್ದೂ ಪ್ರಯೋಜನವಿಲ್ಲ. ಅದಕ್ಕೇ ಮೊದಲು ಹೊಳಪು ಹೊಂದಿಸುವ ಕರ್ವ್ಸ್‌ನಲ್ಲಿ ಸೀರೆಯ ಭಾಗವನ್ನಷ್ಟೇ ತುಂಡಿನ ಹೊಳಪಿನವರೆಗೆ ತಿಳಿ ಮಾಡಿ, ಆಮೇಲೆ ಬಣ್ಣ ಹಾಕಿದೆ. ಕುಂಕುಮ, ತುಟಿಗೂ ಸ್ವಲ್ಪ ಸ್ವಲ್ಪ ಹಾಗೇ. ನೆರಿಗೆಯ ಆಳದಲ್ಲಿ ವಿವರ ಇರಲಿಲ್ಲ, ಅಲ್ಲಿ ಜಾಸ್ತಿ ಎಳೆದರೆ ಬರೀ ಚುಕ್ಕೆ ಎದ್ದವು, ಬಿಟ್ಟುಬಿಟ್ಟೆ.

ಬಳೆಗಳು ಇನ್ನೊಂದು ಕಥೆ. DeOldify ಬಣ್ಣ ಲೆಕ್ಕ ಹಾಕುವುದು ಚಿಕ್ಕ ಚಿತ್ರದ ಮೇಲೆ: ಆ ಚಿತ್ರದ ಗಾತ್ರ ಹೇಳುವ `render_factor` ಅನ್ನು 35 ಇಟ್ಟರೆ ಉದ್ದಗಲ 560 ಪಿಕ್ಸೆಲ್. ಅಷ್ಟರಲ್ಲಿ ಬಳೆ ಒಂದೆರಡು ಪಿಕ್ಸೆಲ್ ಇದ್ದರೆ ಹೆಚ್ಚು, ಕೈಯ ಬಣ್ಣವೇ ಅದಕ್ಕೂ ಹರಿದಿತ್ತು. ಅವನ್ನು ಕೈಯಿಂದಲೇ ಹಸಿರು ಮಾಡಿದೆ, ಹಸಿರು ಗಾಜಿನ ಬಳೆ ಅಂತ ಅತ್ತೆ ಹೇಳಿದ ಮೇಲೆ.

ಅಜ್ಜನ ಕೋಟಿನ ಬಣ್ಣ ಯಾರಿಗೂ ನೆನಪಿಲ್ಲ. ಹಿಂದಿನ ಬಣ್ಣ ಬಳಿದ ಪರದೆಯದೂ ಅಷ್ಟೇ, ಅದಕ್ಕೆ ಮಾಡೆಲ್ ಸುಮ್ನೆ ನೀಲಿ ಆಕಾಶ ಕೊಟ್ಟಿತ್ತು. ಎರಡನ್ನೂ ಬೂದು ಬಣ್ಣದಲ್ಲೇ ಉಳಿಸಿದೆ. ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಬರೆದೆ: ಸೀರೆ ಕೌದಿಯ ತುಂಡಿನಿಂದ, ಬಳೆ ಅತ್ತೆಯ ನೆನಪಿನಿಂದ, ಮೈಬಣ್ಣ ಕಂಪ್ಯೂಟರಿನ ಊಹೆ.

ಅತ್ತೆ ಈ ಸಲ ತುಂಬಾ ಹೊತ್ತು ನೋಡಿದರು. "ಕೋಟು ಯಾಕ ಹಂಗ ಬಿಟ್ಟಿ?" ಅಂದರು. ಗೊತ್ತಿಲ್ಲವಲ್ಲ ಅತ್ತೆ, ಅಂದೆ. "ಹೌದು ಬಿಡು, ನನಗೂ ಗೊತ್ತಿಲ್ಲ" ಅಂತ ಫೋಟೋವನ್ನು ಕೌದಿಯ ಮಡಿಕೆಯಲ್ಲಿಟ್ಟು ಟ್ರಂಕು ಮುಚ್ಚಿದರು.