ಹೋಟೆಲ್ ಮಾಲೀಕರಿಗೆ ತಿಂಗಳ ಜಾಹೀರಾತು ಲೆಕ್ಕ: ಇಮೇಲ್ ಬರೆಯುವುದು ಹೀಗೆ

ಮಡಿಕೇರಿಯ ಒಂದು ಹೋಟೆಲಿಗೆ ನಾನು ಗೂಗಲ್ ಜಾಹೀರಾತು ನೋಡಿಕೊಳ್ಳುತ್ತೇನೆ. ಜುಲೈ ತಿಂಗಳ ಲೆಕ್ಕದಲ್ಲಿ '90 ಕಾಲ್ ಬಂದಿವೆ' ಅಂತ ಬರೆದು ಕಳಿಸಿದ್ದೆ. ಮಾಲೀಕರು ಕೌಂಟರ್ ಫೋನ್ ತೆಗೆದು ಎಣಿಸಿದ್ದಾರೆ. "ನನ್ನ ಫೋನಿನಲ್ಲಿ 72 ಇದೆ ಮಾರಾಯ್ರೆ, ಉಳಿದ 18 ಎಲ್ಲಿ?" ಅಂತ ಕೇಳಿದರು. ನನ್ನ ಹತ್ರ ಉತ್ತರ ಇರಲಿಲ್ಲ. ಅವತ್ತಿನಿಂದ ನಾನು ಇಮೇಲಿನಲ್ಲಿ ಹಾಕುವ ಪ್ರತಿ ಅಂಕಿಯೂ ಮಾಲೀಕರ ಬ್ಯಾಂಕ್, ಫೋನ್ ಅಥವಾ ಬುಕಿಂಗ್ ಪುಸ್ತಕದಲ್ಲಿ ಅವರೇ ನೋಡಬಹುದಾದದ್ದು.

ಮೊದಲು ದುಡ್ಡು. ಜಾಹೀರಾತು ಖಾತೆಯಲ್ಲಿ ಕಾಣುವ ಖರ್ಚಿಗೆ ಜಿಎಸ್‌ಟಿ ಸೇರಿರುವುದಿಲ್ಲ. ಅಲ್ಲಿ ₹9,000 ಇದ್ದರೆ ಶೇ 18 ಸೇರಿಸಿ ₹10,620 ಅಂತಲೇ ಬರೆಯಿರಿ, ಯಾಕೆಂದರೆ ಜೇಬಿನಿಂದ ಹೋದದ್ದು ಅಷ್ಟು. ದಿನಕ್ಕೆ ₹300 ಅಂತ ಹೇಳಿ ಒಂದು ಶನಿವಾರ ₹540 ಹೋಗಿದ್ದರೆ ಅದನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ. ಗೂಗಲ್ ಒಂದೊಂದು ದಿನ ಎರಡು ಪಟ್ಟಿನವರೆಗೂ ಖರ್ಚು ಮಾಡುತ್ತದೆ, ಆದರೆ ತಿಂಗಳಿಗೆ ದಿನದ ಮೊತ್ತದ 30.4 ಪಟ್ಟು ದಾಟುವುದಿಲ್ಲ. ಹೇಳದಿದ್ದರೆ ಮೋಸ ಅಂತ ಅನಿಸುತ್ತದೆ, ಅಲ್ವಾ?

ಈಗ ಆ 18 ಕಾಲ್. ವರದಿಯ 90 ಅಂದರೆ ಕಾಲ್ ಬಟನ್ ಒತ್ತಿದ್ದು, ಅಷ್ಟೆ. ಕೆಲವರು ಒತ್ತಿ ತಕ್ಷಣ ಬಿಟ್ಟಿರುತ್ತಾರೆ, ಕೆಲವರಿಗೆ ಘಾಟಿಯಲ್ಲಿ ನೆಟ್‌ವರ್ಕ್ ಸಿಕ್ಕಿರುವುದಿಲ್ಲ. ಫೋನ್ ರಿಂಗ್ ಆಗದಿದ್ದರೂ ಆ ಒತ್ತಿಗೆ ದುಡ್ಡು ಹೋಗುತ್ತದೆ. ಹಾಗಾಗಿ ಎಣಿಸಬೇಕಾದದ್ದು ಫೋನಿನ ಕಾಲ್ ಪಟ್ಟಿಯನ್ನು. ಅದರಲ್ಲೂ ಒಂದು ತೊಂದರೆ ಇದೆ. ಕೌಂಟರ್ ನಂಬರಿಗೆ ತರಕಾರಿಯವರು, ಗ್ಯಾಸಿನವರು, ಮ್ಯಾಪಿನಲ್ಲಿ ನೋಡಿ ಪುಕ್ಕಟೆಯಾಗಿ ಮಾಡುವವರು ಎಲ್ಲರೂ ಕಾಲ್ ಮಾಡುತ್ತಾರೆ. ಅದೃಷ್ಟಕ್ಕೆ ನಮ್ಮ ಮಾಲೀಕರ ಫೋನಿನಲ್ಲಿ ಎರಡನೇ ಸಿಮ್ ಸುಮ್ನೆ ಬಿದ್ದಿತ್ತು, ಶುರುವಿನಲ್ಲೇ ಅದನ್ನು ಜಾಹೀರಾತಿಗೆ ಮಾತ್ರ ಕೊಟ್ಟಿದ್ದೆವು. ಅವರು ಎಣಿಸಿದ 72 ಆ ಸಿಮ್ಮಿನದ್ದೇ. ಆ ನಂಬರನ್ನು ಬೇರೆಲ್ಲೂ ಬರೆಯಬಾರದು, ಬೋರ್ಡಿನಲ್ಲೂ ಹಾಕಬಾರದು. ಗೂಗಲ್ ಕೇಳುವ ನಂಬರ್ ಪರಿಶೀಲನೆಯನ್ನು ಮಾತ್ರ ಮರೆಯದೆ ಮುಗಿಸಿ.

ಟೇಬಲಿನ ಲೆಕ್ಕಕ್ಕೆ ಬುಕಿಂಗ್ ಪುಸ್ತಕದಲ್ಲಿ ಎರಡು ಗುರುತು ಸಾಕು. ಎರಡನೇ ಸಿಮ್ಮಿಗೆ ಬಂದ ಬುಕಿಂಗಿಗೆ 'ಜಾ', ಜನ ಬಂದು ಕೂತಮೇಲೆ ಪಕ್ಕದಲ್ಲಿ ಒಂದು ಟಿಕ್. ಮಳೆಗಾಲದಲ್ಲಿ ಈ ಟಿಕ್ ತುಂಬಾ ಮುಖ್ಯ. ಬೆಂಗಳೂರಿನಿಂದ ಬುಕ್ ಮಾಡಿದವರು ಮಳೆ ನೋಡಿ ಕುಶಾಲನಗರದಲ್ಲೇ ಉಳಿದುಬಿಡುತ್ತಾರೆ.

ಇಷ್ಟು ಕೈಯಲ್ಲಿದ್ದರೆ ಬರೆಯಲು ಹತ್ತು ನಿಮಿಷ. ಜುಲೈ ತಿಂಗಳಿಗೆ ನಾನು ಎರಡನೇ ಸಲ ಬರೆದು ಕಳಿಸಿದ್ದು ಇದು:

"ವಿಷಯ: ಜುಲೈ – ಖರ್ಚು ₹10,620, ಬಂದ ಟೇಬಲ್ 18

ನಮಸ್ಕಾರ ಅಣ್ಣ,
ಜುಲೈನಲ್ಲಿ ಜಾಹೀರಾತಿಗೆ ಜಿಎಸ್‌ಟಿ ಸೇರಿ ₹10,620 ಹೋಗಿದೆ. ಎರಡನೇ ಸಿಮ್ಮಿಗೆ 72 ಕಾಲ್ ಬಂದಿವೆ. 54 ಎತ್ತಿದ್ದೀರಿ, 18 ಮಿಸ್ ಆಗಿವೆ. 20 ಟೇಬಲ್ ಬುಕ್ ಆಗಿ 18 ಟೇಬಲಿನವರು ಬಂದರು. ಅಂದರೆ ಬಂದ ಒಂದು ಟೇಬಲಿಗೆ ₹590 ಬಿದ್ದಿದೆ. ಜಾಹೀರಾತು ನೋಡಿ ಕಾಲ್ ಮಾಡದೆ ನೇರ ಬಂದವರು ಈ ಲೆಕ್ಕದಲ್ಲಿಲ್ಲ.
ಮಿಸ್ ಆದ 18ರಲ್ಲಿ 13 ಶನಿವಾರ, ಭಾನುವಾರ ಮಧ್ಯಾಹ್ನ 1ರಿಂದ 2.30ರ ಒಳಗಿನವು. ಆ ಹೊತ್ತಿಗೆ ಫೋನ್ ಒಬ್ಬ ಹುಡುಗನ ಕೈಗೆ ಕೊಡೋಣವಾ, ಅಥವಾ ಆಗ ಜಾಹೀರಾತು ನಿಲ್ಲಿಸಲಾ? ಹೇಳಿ."

ಗಮನಿಸಿ, ₹590 ಒಳ್ಳೆಯದೋ ಕೆಟ್ಟದ್ದೋ ಅಂತ ನಾನು ಹೇಳಿಲ್ಲ. ಇಬ್ಬರು ಬಂದು ಅಕ್ಕಿರೊಟ್ಟಿ, ಕಾಫಿ ಮುಗಿಸಿ ಎದ್ದರೆ ಅದು ನಷ್ಟ. ಎಂಟು ಜನ ಕೂತು ಪಂದಿಕರಿ, ಕಡಂಬುಟ್ಟು ತರಿಸಿದರೆ ಲಾಭ. ಟೇಬಲಿಗೆ ಎಷ್ಟು ಉಳಿಯುತ್ತದೆ ಅನ್ನುವುದು ಮಾಲೀಕರಿಗೆ ಗೊತ್ತು, ನಮಗಲ್ಲ. ಮೇ ತಿಂಗಳ ಜೊತೆ ಹೋಲಿಸಿಯೂ ಇಲ್ಲ. ರಜೆಯ ಮೇ ಎಲ್ಲಿ, ಮಳೆಯ ಜುಲೈ ಎಲ್ಲಿ! ಹೋಲಿಸುವುದಿದ್ದರೆ ಹೋದ ವರ್ಷದ ಜುಲೈ ಜೊತೆ.

ಕೊನೆಗೆ ಒಂದೇ ಪ್ರಶ್ನೆ ಇರಲಿ, ಇದು ಅಥವಾ ಅದು ಅಂತ ಒಂದೇ ಸಾಲಿನಲ್ಲಿ ಉತ್ತರ ಬರುವಂಥದ್ದು. ನಾನು ಮೊದಲು ಐದಾರು ಸಲಹೆ ಕೊಡುತ್ತಿದ್ದೆ, ಒಂದಕ್ಕೂ ಉತ್ತರ ಬರುತ್ತಿರಲಿಲ್ಲ. ಈ ಇಮೇಲಿಗೆ ಅದೇ ಸಂಜೆ ಬಂತು: "ಹುಡುಗನಿಗೆ ಹೇಳಿದ್ದೇನೆ, ನಿಲ್ಲಿಸಬೇಡಿ."