ಲೇಆಫ್ ಸುದ್ದಿ ಹೇಳೋಕೆ ಮುಂಚೆ ನಾನು ರೆಡಿ ಮಾಡ್ಕೊಂಡಿದ್ದು

ಟೀಮಿಂದ 6 ಜನರನ್ನ ಕಳಿಸ್ಬೇಕು ಅಂತ ನನಗೆ ಹೇಳೋ ಹೊತ್ತಿಗೆ ತೀರ್ಮಾನ ಆಗಿಹೋಗಿತ್ತು. ಅದನ್ನ ಬದಲಾಯ್ಸೋದು ನನ್ನ ಕೈಲಿರ್ಲಿಲ್ಲ. ಯಾರಿಗೆ ಯಾವಾಗ ಹೇಗೆ ಗೊತ್ತಾಗುತ್ತೆ, ಗೊತ್ತಾದ್ಮೇಲೆ ಅವ್ರ ಕೈಗೆ ಏನು ಸಿಗುತ್ತೆ, ಇಷ್ಟನ್ನ ಮಾತ್ರ ನಾನು ನೋಡ್ಕೋಬಹುದಿತ್ತು. ಹಾಗಾಗಿ ನನ್ನ ಟೈಮೆಲ್ಲ ಅದಕ್ಕೇ ಹಾಕ್ದೆ.

ಮೊದ್ಲು ಎಚ್‌ಆರ್ ಹತ್ರ ಮೂರು ವಿಷಯ ಬರವಣಿಗೇಲಿ ಕೇಳ್ದೆ. ಆಯ್ಕೆ ಯಾವ ಆಧಾರದ ಮೇಲೆ ಆಯ್ತು, ಒಬ್ಬೊಬ್ರಿಗೂ ಎಷ್ಟು ದುಡ್ಡು ಯಾವ ತಾರೀಕಿಗೆ ಬರುತ್ತೆ, ಲಾಗಿನ್ ಯಾವಾಗ ಕಟ್ ಆಗುತ್ತೆ. ಮೂರನೇದನ್ನ ಜಾಸ್ತಿ ಜನ ಕೇಳೋದೇ ಇಲ್ಲ. ನಾವಿನ್ನೂ ಮಾತಾಡ್ತಿರೋವಾಗ್ಲೇ ಪಕ್ಕದಲ್ಲಿರೋ ಲ್ಯಾಪ್‌ಟಾಪ್ ಲಾಕ್ ಆಗೋದು, ಇಲ್ಲಾ ಇನ್ನೂ ಕೆಟ್ಟದಾಗಿ ಮೀಟಿಂಗಿಗೆ ಮುಂಚೆನೇ ಲಾಗಿನ್ ಆಗದೆ ಹೋಗಿ ಅವ್ರೇ ಐಟಿಗೆ ಫೋನ್ ಮಾಡಿ ವಿಷಯ ತಿಳ್ಕೊಳೋದು, ಇದೆಲ್ಲ ಆಗೋದು ಐಟಿ ಟೈಮಿಗೂ ನಮ್ಮ ಟೈಮಿಗೂ ತಾಳೆ ಇಲ್ದಿದ್ರಿಂದ. ಕೋಡ್ ಮತ್ತೆ ಕಸ್ಟಮರ್ ಡೇಟಾ ಮಾತ್ರ ಆ ವ್ಯಕ್ತಿಯ ಮೀಟಿಂಗ್ ಮುಗಿದ ತಕ್ಷಣ ಕಟ್ ಮಾಡಿ, ಮೇಲ್ ಮತ್ತೆ ಚಾಟ್ ಸಂಜೆ ತನಕ ಇರ್ಲಿ ಅಂದೆ. ಸೆಕ್ಯುರಿಟಿಯವ್ರು ಸ್ವಲ್ಪ ಗೊಣಗಿದ್ರು, ಆದ್ರೆ ರಿಸ್ಕ್ ಇರೋದು ಡೇಟಾದಲ್ಲಿ, ಸಹೋದ್ಯೋಗಿಗಳಿಗೆ ಹೋಗ್ಬರ್ತೀನಿ ಅಂತ ಬರಿಯೋ ಮೇಲಲ್ಲಿ ಅಲ್ವಲ್ಲ, ಒಪ್ಕೊಂಡ್ರು. ಇದ್ರ ಜೊತೆ ಇನ್ನೊಂದು, ಸಂಬಳದ ಪೋರ್ಟಲ್‌ನಲ್ಲಿ ಅವ್ರ ಪರ್ಸನಲ್ ಮೇಲ್ ಐಡಿ ಇದ್ಯಾ ಅಂತ ಚೆಕ್ ಮಾಡಿಸ್ದೆ. ಕಂಪನಿ ಮೇಲ್ ಹೋದ್ಮೇಲೆ ಹಳೇ ಪೇಸ್ಲಿಪ್ ತೆಗ್ಯೋಕೆ ಆಗಲ್ಲ, ಹೊಸ ಕಡೆ ಮೊದ್ಲು ಕೇಳೋದೇ ಅದು.

ಆಮೇಲೆ ಒಬ್ಬೊಬ್ರಿಗೂ ಒಂದೊಂದು ಪುಟ ರೆಡಿ ಮಾಡ್ದೆ. ಲೀಗಲ್‌ನವ್ರ ಲೆಟರ್ ಬೇರೆ ಇರುತ್ತೆ, ಅದನ್ನ ಆ ಹೊತ್ತಲ್ಲಿ ಯಾರೂ ಓದಿ ಅರ್ಥ ಮಾಡ್ಕೊಳೋಕಾಗಲ್ಲ. ನನ್ನ ಪುಟದಲ್ಲಿ ಇದ್ದಿದ್ದು ಕೊನೇ ದಿನ, ಕೊನೇ ಸಂಬಳದ ತಾರೀಕು, ಪರಿಹಾರದ ಮೊತ್ತ, ಉಳಿದ ರಜೆಗೆ ಎಷ್ಟು ಬರುತ್ತೆ, ಇನ್ಶೂರೆನ್ಸ್ ಯಾವತ್ತಿನ ತನಕ, ಲ್ಯಾಪ್‌ಟಾಪ್ ಹೇಗೆ ವಾಪಸ್ ಕೊಡೋದು, ಪ್ರಶ್ನೆ ಇದ್ರೆ ಯಾರಿಗೆ ಫೋನ್ ಮಾಡೋದು. ಆ ಕೊನೇ ಸಾಲಲ್ಲಿ ಒಂದು ಇಲಾಖೆ ಹೆಸ್ರಲ್ಲ, ಒಬ್ಬ ಮನುಷ್ಯನ ಹೆಸ್ರು, ನಂಬರ್.

ಈ ಪುಟ ಬರೀತಾ ಇದ್ದಾಗ್ಲೇ ಒಂದು ವಿಷಯ ಕಣ್ಣಿಗೆ ಬಿತ್ತು, ಇದನ್ನ ಎಲ್ಲಾ ಮ್ಯಾನೇಜರ್‌ಗಳೂ ನೋಡ್ಬೇಕು. ಪ್ಲಾನ್ ಪ್ರಕಾರ ನೋಟಿಸ್ ಪೀರಿಯಡ್ ದುಡ್ಡನ್ನ ಒಟ್ಟಿಗೆ ಕೊಟ್ಟು ಅವತ್ತೇ ಕೆಲಸ ಮುಗಿಸೋದಿತ್ತು. ಕೇಳೋಕೆ ಚೆನ್ನಾಗೇ ಇದೆ. ಆದ್ರೆ ಹಾಗೆ ಮಾಡಿದ್ರೆ ಕೊನೇ ದಿನ ಅವತ್ತೇ ಆಗುತ್ತೆ, ನಮ್ಮ ಗ್ರೂಪ್ ಪಾಲಿಸಿ ಪ್ರಕಾರ ಇನ್ಶೂರೆನ್ಸೂ ಅವತ್ತೇ ನಿಲ್ಲುತ್ತೆ. ನಮ್ಮ ಟೆಸ್ಟಿಂಗ್ ಹುಡುಗನ ಅಪ್ಪಂಗೆ ಮುಂದಿನ ತಿಂಗಳು ಆಪರೇಷನ್ ಇತ್ತು, ರಜೆ ಕೇಳೋವಾಗ ಅವ್ನೇ ಹೇಳಿದ್ದ. ಅದಕ್ಕೆ ಎಚ್‌ಆರ್ ಹತ್ರ ಹೋಗಿ, ದುಡ್ಡು ಒಟ್ಟಿಗೆ ಕೊಡೋ ಬದ್ಲು ನೋಟಿಸ್ ಮುಗಿಯೋ ತನಕ ಪೇರೋಲ್‌ನಲ್ಲೇ ಇಟ್ಕೊಳಿ, ಕೆಲಸ ಮಾಡೋದು ಬೇಡ, ಸಂಬಳ ತಿಂಗಳಿಗೆ ತಿಂಗಳು ಹೋಗ್ಲಿ ಅಂದೆ. ಕಂಪನಿಗೆ ಸಂಬಳದ ಖರ್ಚು ಅಷ್ಟೇ, ಮೇಲೆ ಒಂದಿಷ್ಟು ಪ್ರೀಮಿಯಂ, ಆದ್ರೆ ಅವ್ನ ಪಾಲಿಗೆ ಆಸ್ಪತ್ರೆ ಬಿಲ್ಲಿನ ದುಡ್ಡೇ ಉಳಿಯುತ್ತೆ. ಯಾರ ಹೆಸ್ರೂ, ಯಾರ ಮನೆ ಕಥೆನೂ ನಾನು ಎತ್ಲಿಲ್ಲ, 6 ಜನಕ್ಕೂ ಇದೇ ಆಯ್ಕೆ ಕೊಡಿ ಅಂದೆ, ಒಟ್ಟಿಗೆ ದುಡ್ಡು ಬೇಕು ಅನ್ನೋರು ಹಾಗೇ ತಗೊಳ್ಲಿ. ಇಬ್ರು ಒಟ್ಟಿಗೆ ತಗೊಂಡ್ರು, ಉಳಿದವ್ರು ಪೇರೋಲ್‌ನಲ್ಲೇ ಇದ್ರು. ಇದು ಎಲ್ಲಾ ಕಡೆ ಆಗುತ್ತೆ ಅಂತಲ್ಲ, ಪಾಲಿಸಿ ಒಂದೊಂದು ಕಡೆ ಒಂದೊಂದು ಥರ ಇರುತ್ತೆ, ಆದ್ರೆ ಲೆಟರ್ ಸೈನ್ ಆಗೋ ಮುಂಚೆ ಕೇಳಿದ್ರೆ ಮಾತ್ರ ಆಗುತ್ತೆ.

ದಿನ ಯಾವ್ದು ಅನ್ನೋದ್ರ ಮೇಲೆ ಸ್ವಲ್ಪ ಜಗಳ ಆಯ್ತು. ಮೇಲಿನವ್ರಿಗೆ ಶುಕ್ರವಾರ ಸಂಜೆ ಬೇಕಿತ್ತು, ಗಲಾಟೆ ಕಮ್ಮಿ ಅಂತ. ಗಲಾಟೆ ಕಮ್ಮಿ ಆಫೀಸಿಗೆ, ಮನೇಲಿ ಎರಡು ದಿನ ಲೆಟರ್ ಹಿಡ್ಕೊಂಡು ಕೂತವ್ರಿಗೆ ಫೋನ್ ಎತ್ತೋರು ಯಾರೂ ಇರಲ್ಲ. ಮಂಗಳವಾರ ಬೆಳಿಗ್ಗೆ ಇಟ್ಕೊಂಡ್ವಿ. ಎಲ್ಲಾ 6 ಮೀಟಿಂಗೂ ಒಂದೇ ಬೆಳಿಗ್ಗೆ, ಒಂದಾದ್ಮೇಲೆ ಒಂದು, ಯಾಕಂದ್ರೆ ಎರಡನೇ ಮೀಟಿಂಗ್ ಮುಗಿಯೋಷ್ಟ್ರಲ್ಲಿ ಚಾಟ್‌ನಲ್ಲಿ ಸುದ್ದಿ ಹಬ್ಬಿರುತ್ತೆ. ಕರೆಯೋ ಇನ್ವೈಟ್ ಹಿಂದಿನ ರಾತ್ರಿ ಕಳಿಸ್ಬೇಡಿ, ಎಚ್‌ಆರ್ ಹೆಸ್ರು ನೋಡಿದ್ರೆ ಆ ರಾತ್ರಿ ಯಾರಿಗೂ ನಿದ್ದೆ ಬರಲ್ಲ. ರಜೆ ಮೇಲಿದ್ದ ಒಬ್ರಿಗೆ ಅವತ್ತೇ ಫೋನ್ ಮಾಡ್ದೆ, ರಜೆ ಮುಗ್ದ ಮೇಲೆ ಹೇಳೋಣ ಅನ್ನೋದು ಕನಿಕರ ಥರ ಕಾಣುತ್ತೆ, ಆದ್ರೆ ಅಷ್ಟ್ರಲ್ಲಿ ಬೇರೆ ಯಾರೋ ಹೇಳಿರ್ತಾರೆ.

ಮೀಟಿಂಗ್ 15 ನಿಮಿಷ, ನಾನು, ಎಚ್‌ಆರ್, ಅವ್ರು. ಹೇಗಿದೀರಾ, ವೀಕೆಂಡ್ ಹೇಗಿತ್ತು ಇವೆಲ್ಲ ಇಲ್ಲ. ನನ್ನ ಮೊದಲ ಮಾತು ಬರ್ಕೊಂಡೇ ಹೋಗಿದ್ದೆ: "ಕಷ್ಟದ ವಿಷಯ ಹೇಳೋಕೆ ಕರೆದಿದೀನಿ. ನಿಮ್ಮ ಪೋಸ್ಟ್ ತೆಗೀತಿದಾರೆ, ನಿಮ್ಮ ಕೊನೇ ದಿನ ಇಂಥದ್ದು. ತೀರ್ಮಾನ ಫೈನಲ್ ಆಗಿದೆ." ಅಷ್ಟು ಹೇಳಿ ಬಾಯಿ ಮುಚ್ಕೊಂಡು ಕೂತೆ. ಆ ಮೌನ ತಡ್ಕೊಳೋದು ಕಷ್ಟ, ತುಂಬಿಸೋಕೆ ಹೋಗಿ ಜನ ಏನೇನೋ ಹೇಳ್ತಾರೆ, ನನಗೂ ತುಂಬಾ ಬೇಜಾರು, ಎಲ್ಲಾ ಒಳ್ಳೇದಕ್ಕೇ, ಮುಂದೆ ಓಪನಿಂಗ್ ಬಂದ್ರೆ ನೋಡೋಣ. ಮೊದಲನೇದು ನಮ್ಮ ಬಗ್ಗೆ ಆಗುತ್ತೆ, ಎರಡನೇದು ಅವಮಾನ, ಮೂರನೇದು ಸುಳ್ಳು ಭರವಸೆ.

ಒಬ್ರು ಕೇಳಿದ್ರು, "ನಾನೇ ಯಾಕೆ ಸಾರ್? ಹೋದ ಸಲ ರೇಟಿಂಗ್ ನೀವೇ ಚೆನ್ನಾಗಿ ಕೊಟ್ರಲ್ಲ." ಆ ರೇಟಿಂಗ್ ನಿಜ, ಅದು ಹಾಗೇ ಇದೆ, ಇದು ನಿಮ್ಮ ಕೆಲಸದ ಮೇಲಿನ ತೀರ್ಪಲ್ಲ, ಆ ಪ್ರಾಡಕ್ಟ್ ನಿಲ್ಲಿಸ್ತಿದಾರೆ, ಅದ್ರಲ್ಲಿದ್ದ ಎಲ್ಲಾ ಪೋಸ್ಟೂ ಹೋಗ್ತಿದೆ ಅಂದೆ. ಹೀಗೆ ಹೇಳೋಕೆ ಆಗಿದ್ದು ಆಧಾರ ಬರವಣಿಗೇಲಿ ಇತ್ತು ಅಂತ. ಇಲ್ದಿದ್ರೆ ಅಲ್ಲೇ ಹೊಸ ಕಾರಣ ಹುಟ್ಟಿಸ್ಬೇಕಾಗುತ್ತೆ, ಅದು ಲೆಟರಿಗೆ ತಾಳೆ ಆಗಲ್ಲ, ಆಮೇಲೆ ಅವ್ರು ಕೇಸ್ ಹಾಕಿದ್ರೆ ಆಶ್ಚರ್ಯ ಪಡೋ ಹಾಗಿಲ್ಲ. ಇನ್ನೊಬ್ರು ಏನೂ ಕೇಳ್ದೆ ಎದ್ದು ಹೋದ್ರು. ಅದನ್ನೂ ಲೆಕ್ಕಕ್ಕೆ ತಗೊಂಡಿದ್ದೆ, ಮಾರನೇ ದಿನ 11 ಗಂಟೆಗೆ ಎಲ್ರಿಗೂ ಇನ್ನೊಂದು ಕಾಲ್ ಇಟ್ಟಿದ್ವಿ, ಬೇಕಿದ್ರೆ ಬರಬಹುದು ಅಂತ. ನಿಜವಾದ ಪ್ರಶ್ನೆಗಳೆಲ್ಲ ಬಂದಿದ್ದು ಅಲ್ಲೇ.

ಉಳಿದ ಟೀಮ್ ಜೊತೆ ಅವತ್ತೇ ಕೊನೇ ಮೀಟಿಂಗ್ ಮುಗಿದ ಅರ್ಧ ಗಂಟೇಲಿ ಕೂತ್ಕೊಂಡೆ. ಇನ್ನೊಂದು ರೌಂಡ್ ಇದ್ಯಾ ಅಂತ ಕೇಳೇ ಕೇಳ್ತಾರೆ. ಇಲ್ಲ ಅನ್ನೋ ಅಧಿಕಾರ ನನಗಿಲ್ಲ, ಹಾಗಾಗಿ ಇವತ್ತಿನ ಮಟ್ಟಿಗೆ ನನಗೆ ಬೇರೆ ಯಾವ ಲಿಸ್ಟೂ ಹೇಳಿಲ್ಲ, ಹೇಳಿದ ದಿನ ಸುತ್ತಿ ಬಳಸಿ ಮಾತಾಡಲ್ಲ ಅಂದೆ. ಆಮೇಲೆ ಯಾವ ಕೆಲಸ ನಿಲ್ಲಿಸ್ತೀವಿ ಅಂತ ಲಿಸ್ಟ್ ತೋರಿಸ್ದೆ. ಹೋದವ್ರ ಕೆಲಸವನ್ನೆಲ್ಲ ಇರೋರ ತಲೆಗೆ ಕಟ್ಟಿದ್ರೆ ಮುಂದಿನ ತಿಂಗಳು ಅವ್ರೇ ಪೇಪರ್ ಹಾಕ್ತಾರೆ.

ಸಹಾಯ ಅಂತ ಮಾಡಿದ್ದು ಎರಡೇ. ಒಂದು, ಅದೇ ವಾರ ಒಬ್ಬೊಬ್ರಿಗೂ ರೆಫರೆನ್ಸ್ ಬರ್ದು ಅವ್ರಿಗೇ ಮೊದ್ಲು ತೋರಿಸ್ದೆ, ಮಾಡಿದ ಪ್ರಾಜೆಕ್ಟ್ ಹೆಸ್ರು ಹಾಕಿ, ಬರೀ ಶ್ರಮಜೀವಿ ಒಳ್ಳೆಯವ್ರು ಅಂತಲ್ಲ. ಇನ್ನೊಂದು, ಅವ್ರನ್ನ ಕೇಳಿ, ಅವ್ರು ಹೂಂ ಅಂದ್ಮೇಲೆ ಮಾತ್ರ ರೆಸ್ಯೂಮೆ ಪರಿಚಯದವ್ರಿಗೆ ಕಳಿಸ್ದೆ, ಕೆಲವ್ರಿಗೆ ಈ ವಿಷಯ ಇನ್ನೂ ಮನೇಲೇ ಹೇಳಿರಲ್ಲ. ಕೊನೇಲಿ ಫೈನಲ್ ಸೆಟಲ್‌ಮೆಂಟ್ ತಾರೀಕನ್ನ ನನ್ನ ಕ್ಯಾಲೆಂಡರ್‌ಗೇ ಹಾಕ್ಕೊಂಡೆ. ಆ ದಿನ ಒಬ್ರಿಗೆ ದುಡ್ಡು ಬಂದಿರ್ಲಿಲ್ಲ, ಬ್ಯಾಂಕ್ ಅಕೌಂಟ್ ಹಳೇದಿತ್ತಂತೆ, ಅವ್ರು ನಮ್ಮ ಹಿಂದೆ ಓಡಾಡೋ ಮುಂಚೆನೇ ಸರಿ ಮಾಡಿಸೋಕಾಯ್ತು.