ಟಿಡಿಎಸ್ 1% ಅಥವಾ 2%? ಪ್ಯಾನ್‌ನ ನಾಲ್ಕನೇ ಅಕ್ಷರ ನೋಡಿ

ಗುತ್ತಿಗೆದಾರರ ಬಿಲ್‌ಗೆ ಟಿಡಿಎಸ್ ಎಷ್ಟು ಹಿಡಿಯಬೇಕು ಅಂತ ಗೊಂದಲವಿದ್ದರೆ ಪ್ಯಾನ್‌ನ ನಾಲ್ಕನೇ ಅಕ್ಷರ ನೋಡಿ: P (ವ್ಯಕ್ತಿ) ಅಥವಾ H (ಹಿಂದೂ ಅವಿಭಕ್ತ ಕುಟುಂಬ) ಇದ್ದರೆ 1%, C (ಕಂಪನಿ), F (ಪಾಲುದಾರಿಕೆ ಸಂಸ್ಥೆ) ಹೀಗೆ ಬೇರೇನಿದ್ದರೂ 2%. ಬಿಲ್‌ನಲ್ಲಿ ಪ್ಯಾನ್ ಇಲ್ಲದೆ ಜಿಎಸ್‌ಟಿ ನಂಬರ್ ಮಾತ್ರ ಇದ್ದರೆ ಅದರ ಆರನೇ ಅಕ್ಷರ ನೋಡಿದರೂ ಸಾಕು, ಏಕೆಂದರೆ ಮೊದಲೆರಡು ಅಂಕಿ ರಾಜ್ಯದ ಕೋಡ್, ನಂತರದ ಹತ್ತು ಪ್ಯಾನ್. ಹೆಸರನ್ನು ಮಾತ್ರ ನಂಬಬೇಡಿ. 'ಎಂಟರ್‌ಪ್ರೈಸಸ್' ಅಂತ ದೊಡ್ಡ ಬೋರ್ಡ್ ಇದ್ದರೂ ಒಬ್ಬರದೇ ಮಾಲೀಕತ್ವವಾದರೆ ಪ್ಯಾನ್ ಅವರ ಸ್ವಂತದ್ದು, ಹಾಗಾಗಿ 1%. ಒಂದು ಬಿಲ್ 30,000 ರೂಪಾಯಿ ದಾಟದಿದ್ದರೆ ಹಿಡಿಯಬೇಕಿಲ್ಲ ಅನ್ನೋದು ಎಲ್ಲರಿಗೂ ಗೊತ್ತು, ಆದರೆ ಆರ್ಥಿಕ ವರ್ಷದ ಒಟ್ಟು ಮೊತ್ತ 1,00,000 ದಾಟಿತಾ ಅಂತ ನೋಡೋದನ್ನೇ ಹೆಚ್ಚಿನವರು ಮರೆಯುತ್ತಾರೆ. ಒಬ್ಬ ಪೇಂಟಿಂಗ್ ಗುತ್ತಿಗೆದಾರರಿಗೆ 28,000ದ ಮೂರು ಬಿಲ್ ಪೂರ್ತಿ ಕೊಟ್ಟಿದ್ದೀರಿ ಅಂದುಕೊಳ್ಳಿ. ನಾಲ್ಕನೆಯದು ಬಂದಾಗ ಒಟ್ಟು 1,12,000 ಆಗುತ್ತದೆ. ಆಗ ಹಿಡಿಯಬೇಕಾದ್ದು ಆ ಬಿಲ್‌ನ 280 ಅಲ್ಲ, ಅಷ್ಟೂ ಮೊತ್ತದ 1%, ಅಂದರೆ 1,120. ಇದನ್ನು ಮೊದಲೇ ಹೇಳಿಟ್ಟರೆ ಜಗಳ ತಪ್ಪುತ್ತದೆ. ಬಿಲ್‌ನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಅದನ್ನು ಬಿಟ್ಟು ಲೆಕ್ಕ ಹಾಕಿ. ಈ ಅಕ್ಷರದ ಉಪಾಯ ಕೈಕೊಡುವುದು ಪ್ಯಾನ್ ಕೊಡದಿದ್ದಾಗ ಅಥವಾ ಆಧಾರ್ ಜೋಡಿಸದೆ ಅದು ನಿಷ್ಕ್ರಿಯವಾಗಿದ್ದಾಗ: P ಇದ್ದರೂ 20% ಹಿಡಿಯಬೇಕಾಗುತ್ತದೆ, ಆದ್ದರಿಂದ ಪಾವತಿಗೆ ಮುಂಚೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಪ್ಯಾನ್ ಸ್ಥಿತಿ ನೋಡಿಕೊಳ್ಳಿ.